100 ಎಂಬಿಪಿಎಸ್ ಇದ್ದರೂ ಮೀಟಿಂಗಿನಲ್ಲಿ ದನಿ ಏಕೆ ತುಂಡಾಗುತ್ತದೆ? ಅಪ್‌ಲೋಡ್ ಅಳೆಯುವ, ಹಂಚುವ, ಕೇಳಿ ಪಡೆಯುವ ಕ್ರಮ

ಪುಣೆಯ ವಾಕಡ್, ಹಿಂಜವಡಿ ಕಡೆಯ ಯಾವ ಸೊಸೈಟಿಯ ಲಿಫ್ಟ್ ಹತ್ತಿದರೂ ಒಂದಿಲ್ಲೊಂದು ಇಂಟರ್ನೆಟ್ ಕಂಪನಿಯ ಚೀಟಿ ಅಂಟಿಸಿರುತ್ತಾರೆ. ದೊಡ್ಡ ಅಂಕಿಯಲ್ಲಿ 100 ಅಥವಾ 200 ಎಂಬಿಪಿಎಸ್, ಅದರ ಕೆಳಗೆ ಎರಡು ಮೂರು ಒಟಿಟಿ ಚಿಹ್ನೆಗಳು, ಒಂದು ಫೋನ್ ನಂಬರ್. ಆ ನೂರು ನಮ್ಮ ಮನೆಗೆ ಬರುವ ದತ್ತಾಂಶದ ವೇಗವೋ ಮನೆಯಿಂದ ಹೋಗುವುದರ ವೇಗವೋ ಎಂಬುದನ್ನು ಚೀಟಿ ಹೇಳುವುದಿಲ್ಲ. ಬಹುತೇಕ ಸಂದರ್ಭಗಳಲ್ಲಿ ಅದು ಬರುವುದರ ವೇಗ. ರಾತ್ರಿ ಸಿನಿಮಾ ನೋಡುವವರಿಗೆ ಅಷ್ಟೇ ಸಾಕು. ಆದರೆ ಮನೆಯಲ್ಲಿ ಕುಳಿತು ದುಡಿಯುವವರ ಮುಖ, ಮಾತು, ಪರದೆ, ಕಡತ ಎಲ್ಲವೂ ಹೊರಗೆ ಹೋಗಬೇಕಾದವು.

ನಮ್ಮ ಮೇಲಿನ ಮಹಡಿಯಲ್ಲಿ ಧಾರವಾಡದ ಒಂದು ಕುಟುಂಬವಿದೆ. ವೈನಿ ಹಿಂಜವಡಿಯ ಒಂದು ಕಂಪನಿಯಲ್ಲಿದ್ದಾರೆ, ವಾರದಲ್ಲಿ ಹೆಚ್ಚಿನ ದಿನ ಮನೆಯಿಂದಲೇ ಕೆಲಸ. ಅಣ್ಣ ಮದುವೆ ವಿಡಿಯೊ ಸಂಕಲನ ಮಾಡಿ ಮುಂಬಯಿಯ ಸ್ಟುಡಿಯೊ ಒಂದಕ್ಕೆ ಕಳುಹಿಸುತ್ತಾರೆ. ಸ್ಥಳೀಯ ಕೇಬಲ್‌ನವನಿಂದ ಪಡೆದ 100 ಎಂಬಿಪಿಎಸ್ ಸಂಪರ್ಕ. ನೆಟ್‌ವರ್ಕ್ ಕೆಲಸವೇ ನನ್ನ ಹೊಟ್ಟೆಪಾಡಾದ್ದರಿಂದ ದೂರು ನನ್ನ ಬಾಗಿಲಿಗೆ ಬಂತು: “ನನಗೆ ಎಲ್ಲರೂ ಚೆನ್ನಾಗಿ ಕಾಣುತ್ತಾರೆ, ಕೇಳುತ್ತಾರೆ. ಅವರಿಗೆ ಮಾತ್ರ ನನ್ನ ದನಿ ತುಂಡು ತುಂಡಾಗಿ ಕೇಳುತ್ತದಂತೆ.” ಅವರ ಮನೆಯಲ್ಲಿ ಮಾಡಿದ್ದನ್ನೇ ಇಲ್ಲಿ ಕ್ರಮವಾಗಿ ಬರೆಯುತ್ತೇನೆ.

ಮೊದಲು ಲಕ್ಷಣ

ವೈನಿಯ ಮಾತಿನಲ್ಲೇ ಅರ್ಧ ಉತ್ತರವಿತ್ತು. ನಿಮಗೆ ಬೇರೆಯವರು ಸರಿಯಾಗಿ ಕಾಣುತ್ತಾ, ಅವರಿಗೆ ನೀವು ಸರಿಯಾಗಿ ಕೇಳದಿದ್ದರೆ ತೊಂದರೆ ಹೊರಹೋಗುವ ದಿಕ್ಕಿನಲ್ಲಿದೆ. ಎರಡೂ ಕಡೆ ಒಟ್ಟಿಗೆ ಹದಗೆಟ್ಟರೆ ಅಪ್‌ಲೋಡ್ ತಪ್ಪಿತಸ್ಥನಲ್ಲ ಎಂದು ಮಾತ್ರ ತಿಳಿಯಬೇಡಿ. ಇಂಟರ್ನೆಟ್ಟಿನಲ್ಲಿ ಏನನ್ನೇ ಇಳಿಸಿಕೊಂಡರೂ ‘ತಲುಪಿತು’ ಎಂಬ ಸಣ್ಣ ರಸೀದಿಗಳನ್ನು ನಮ್ಮ ಕಂಪ್ಯೂಟರ್ ವಾಪಸು ಕಳುಹಿಸುತ್ತಿರಬೇಕು. ಹೊರದಾರಿ ತುಂಬಿದಾಗ ಆ ರಸೀದಿಗಳೂ ಸಾಲಿನಲ್ಲಿ ಕಾಯುತ್ತವೆ. ರಸೀದಿ ಬರುವುದು ತಡವಾದಷ್ಟೂ ಆಚೆಯ ಸರ್ವರ್ ಕಳುಹಿಸುವುದನ್ನು ನಿಧಾನಿಸುತ್ತದೆ. ಹಾಗಾಗಿ ಅಣ್ಣನ ವಿಡಿಯೊ ಮೇಲೇರುತ್ತಿದ್ದಾಗ ಮಗನಿಗೆ ಯೂಟ್ಯೂಬ್ ಕೂಡ ಸುತ್ತುತ್ತಾ ನಿಲ್ಲುತ್ತಿತ್ತು, ಡೌನ್‌ಲೋಡ್ ದಾರಿಯ ಬಹುಪಾಲು ಖಾಲಿ ಇದ್ದರೂ.

ಕಾಯುವ ಜಾಗ ರೌಟರಿನ ಒಳಗಿದೆ. ಕಳುಹಿಸಲಾಗದ್ದನ್ನು ಅದು ಕೂಡಲೇ ಬಿಸಾಡದೆ ಒಂದು ಸರತಿಯಲ್ಲಿ ಇಟ್ಟುಕೊಳ್ಳುತ್ತದೆ, ಅಗ್ಗದ ರೌಟರುಗಳಲ್ಲಿ ಆ ಸರತಿ ಬಹಳ ಉದ್ದ. ಸೊಸೈಟಿಯ ಗೇಟಿನಲ್ಲಿ ನೀರಿನ ಟ್ಯಾಂಕರುಗಳು ಸಾಲುಗಟ್ಟಿದರೆ ಹಿಂದಿನ ಸ್ಕೂಟರೂ ನಿಲ್ಲಲೇಬೇಕು. ವೈನಿಯ ದನಿ ಆ ಸ್ಕೂಟರ್: ನೂರು ಕಿಲೊಬಿಟ್ ಕೂಡ ಬೇಡದ ಹಗುರ ಸವಾರಿ, ಆದರೆ ವಿಡಿಯೊ ಕಡತದ ಹಿಂದೆ ನಿಂತಿತ್ತು.

ಸರಿಯಾಗಿ ಅಳೆಯುವುದು

ಸಾಮಾನ್ಯವಾಗಿ ಜನ ಮೊಬೈಲಿನಲ್ಲಿ, ವೈ-ಫೈ ಮೇಲೆ, ಮನೆಯ ಮೂಲೆಯಲ್ಲಿ ನಿಂತು ಸ್ಪೀಡ್ ಟೆಸ್ಟ್ ಮಾಡಿ ದೊಡ್ಡ ಅಂಕಿಯನ್ನು ಮಾತ್ರ ನೋಡುತ್ತಾರೆ. ಅಪ್‌ಲೋಡ್ ತಿಳಿಯಲು ಅದು ಸಾಲದು. ರೌಟರಿನ ಹಿಂದಿನ ಲ್ಯಾನ್ ಕಿಂಡಿಗೆ ತಂತಿ ಹಾಕಿ ಲ್ಯಾಪ್‌ಟಾಪಿಗೆ ಜೋಡಿಸಿ. ವೈ-ಫೈಯಲ್ಲಿ ಲ್ಯಾಪ್‌ಟಾಪಿನ ಪ್ರಸಾರ ಶಕ್ತಿ ಸಾಮಾನ್ಯವಾಗಿ ರೌಟರಿನದಕ್ಕಿಂತ ಕಡಿಮೆ, ಆದ್ದರಿಂದ ಗೋಡೆಗಳಾಚೆ ಮೊದಲು ಸೋಲುವುದು ಅಪ್‌ಲೋಡೇ. ತಂತಿಯಲ್ಲಿ ಚೆನ್ನಾಗಿದ್ದು ವೈ-ಫೈಯಲ್ಲಿ ಕುಸಿದರೆ ಕೇಬಲ್‌ನವನಿಗೆ ಫೋನ್ ಮಾಡಬೇಕಾಗಿಲ್ಲ. ಕೆಲಸದ ಮೇಜಿನವರೆಗೆ ಒಂದು ತಂತಿ ಎಳೆದರೆ ಮುಗಿಯಿತು.

ಬ್ರೌಸರಿನಲ್ಲಿ fast.com ತೆರೆದರೆ ಮೊದಲು ಕಾಣುವುದು ಡೌನ್‌ಲೋಡ್ ಮಾತ್ರ. Show more info ಒತ್ತಿದಾಗ ಅಪ್‌ಲೋಡ್ ವೇಗವೂ, ದಾರಿ ಖಾಲಿಯಿದ್ದಾಗಿನ Unloaded, ತುಂಬಿದಾಗಿನ Loaded ಎಂಬ ಎರಡು ವಿಳಂಬದ ಅಂಕಿಗಳೂ ಬರುತ್ತವೆ. ಮ್ಯಾಕ್ ಇರುವವರಿಗೆ ಬ್ರೌಸರ್ ಕೂಡ ಬೇಡ. ಮಾಂಟೆರೆ ಆವೃತ್ತಿಯಿಂದ ಈಚೆಗೆ ಟರ್ಮಿನಲ್‌ನಲ್ಲಿ ಈ ಆದೇಶವಿದೆ:

```
networkQuality -s
```

ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಒಂಬತ್ತರ ಸುಮಾರಿಗೆ ಹೀಗೆ ಮೂರು ಹೊತ್ತು ಅಳೆದು ಬರೆದಿಡಿ. ಮೇಲಿನ ಮನೆಯಲ್ಲಿ ಡೌನ್‌ಲೋಡ್ ಎಂಬತ್ತರಿಂದ ತೊಂಬತ್ತೈದರ ನಡುವೆ ಏರಿಳಿಯಿತು. ಅಪ್‌ಲೋಡ್ ಮಾತ್ರ ಮೂರೂ ಹೊತ್ತು ಒಂಬತ್ತೂವರೆಯ ಆಸುಪಾಸಿನಲ್ಲಿ ನಿಂತಿತ್ತು. ಇದು ಮುಖ್ಯ ಸುಳಿವು. ಹೊತ್ತು ಯಾವುದೇ ಇರಲಿ, ಒಂದು ದುಂಡು ಸಂಖ್ಯೆಗೆ ಸ್ವಲ್ಪ ಕೆಳಗೆ ಅಂಕಿ ಅಲುಗದೆ ನಿಂತರೆ ಅದು ಕಂಪನಿಯ ಸರ್ವರಿನಲ್ಲಿ ನಿಮ್ಮ ಖಾತೆಗೆ ಹಾಕಿದ ಮಿತಿ. ಪ್ರತಿ ಗ್ರಾಹಕನ ಹೆಸರಿನ ಮುಂದೆ ಅಲ್ಲಿ ಎರಡು ಸಂಖ್ಯೆಗಳಿರುತ್ತವೆ, ಇವರದು 100 ಮತ್ತು 10. ರಾತ್ರಿ ಮಾತ್ರ ಕುಸಿದು ನಸುಕಿನಲ್ಲಿ ಚೇತರಿಸಿಕೊಂಡರೆ ಅದು ಕಟ್ಟಡ ಅಥವಾ ಬಡಾವಣೆಯ ಮಟ್ಟದ ದಟ್ಟಣೆ. ಹೊತ್ತುಗೊತ್ತಿಲ್ಲದೆ ಸೊನ್ನೆಯವರೆಗೂ ಬಿದ್ದು ಏಳುತ್ತಿದ್ದರೆ ತಂತಿಯದೋ ಫೈಬರ್ ಜೋಡಣೆಯದೋ ದೋಷ. ಪುಣೆಯ ಮಳೆಗಾಲದಲ್ಲಿ ತಾರಸಿಯಿಂದ ತಾರಸಿಗೆ ಜೋತು ಬಿದ್ದ ತಂತಿಗಳಿಗೆ ಇದು ಹೊಸದಲ್ಲ.

ಇನ್ನೊಂದು ಪರೀಕ್ಷೆ ವೇಗದ್ದಲ್ಲ, ಕಾಯುವಿಕೆಯದು. ಯಾರೂ ಏನೂ ಮಾಡದಿರುವಾಗ ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್‌ನಲ್ಲಿ ಇದನ್ನು ಓಡಿಸಿ (ಮ್ಯಾಕ್‌ನಲ್ಲಿ -n ಬದಲು -c):

```
ping -n 60 1.1.1.1
```

ನಂತರ ಒಂದು ದೊಡ್ಡ ಕಡತವನ್ನು ಗೂಗಲ್ ಡ್ರೈವ್‌ಗೆ ಏರಿಸಲು ಬಿಟ್ಟು ಅದನ್ನೇ ಮತ್ತೆ ಓಡಿಸಿ. ಆ ಮನೆಯಲ್ಲಿ ಖಾಲಿಯಿದ್ದಾಗ 8 ಮಿಲಿಸೆಕೆಂಡ್ ಬಂದದ್ದು, ಅಣ್ಣನ ಕಡತ ಏರುವಾಗ 600 ದಾಟಿತು. ಮಾತುಕತೆ ಸಹಜವಾಗಿರಲು ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನ ಒಳಗಿರಬೇಕು ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.114 ಶಿಫಾರಸು. ಪಿಂಗ್ ತೋರಿಸುವುದು ಹೋಗಿ ಬರುವ ಒಟ್ಟು ಸಮಯವನ್ನಾದರೂ, ಇಲ್ಲಿ ಕಾಯುವಿಕೆಯೆಲ್ಲ ಹೋಗುವ ಕಡೆಗೇ ಇದೆ. ವೈನಿಯ ದನಿ ಏಕೆ ತುಂಡಾಯಿತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ನಿಮಗೆ ಎಷ್ಟು ಬೇಕು

ಮೀಟಿಂಗಿನ ಹಸಿವು ಜನ ತಿಳಿದಷ್ಟು ದೊಡ್ಡದಲ್ಲ. ಜೂಮ್ ಸಂಸ್ಥೆಯೇ ಗುಂಪು ಮೀಟಿಂಗಿಗೆ ಹೇಳುವ ಲೆಕ್ಕ ನೋಡಿ: 720ಪಿ ಗುಣಮಟ್ಟಕ್ಕೆ ಅಪ್‌ಲೋಡ್ 2.6 ಎಂಬಿಪಿಎಸ್, ಡೌನ್‌ಲೋಡ್ 1.8. 1080ಪಿ ಆದರೆ ಅಪ್‌ಲೋಡ್ 3.8, ಡೌನ್‌ಲೋಡ್ 3.0. ಮೀಟಿಂಗ್ ಇಳಿಸುವುದಕ್ಕಿಂತ ಹೆಚ್ಚು ಏರಿಸಲು ಕೇಳುತ್ತದೆ ಎಂಬುದನ್ನು ಗಮನಿಸಿ, ಪ್ಲ್ಯಾನ್ ಮಾರುವ ಲೆಕ್ಕಕ್ಕೆ ಇದು ಪೂರ್ತಿ ಉಲ್ಟಾ. ಬರೀ ಮಾತಾದರೆ ಇದರ ಸಣ್ಣದೊಂದು ಚೂರು ಸಾಕು. ತುರ್ತಿನಲ್ಲಿ ಕ್ಯಾಮೆರಾ ಆರಿಸಿದಾಗ ದನಿ ಸರಿಹೋಗುವುದು ಇದೇ ಕಾರಣಕ್ಕೆ.

ಮೇಲಿನ ಮನೆಯಲ್ಲಿ ಹಗಲು ಹೊತ್ತಿನ ಲೆಕ್ಕ ಹೀಗಿತ್ತು. ವೈನಿಯ ಮೀಟಿಂಗಿಗೆ 3 ಎಂದು ಹಿಡಿದೆವು. ಮಗನ ಆನ್‌ಲೈನ್ ಪಾಠಕ್ಕೆ 1. ಬಾಗಿಲ ಮುಂದಿನ ಕ್ಯಾಮೆರಾ ದಿನವಿಡೀ ಕ್ಲೌಡ್‌ಗೆ ದೃಶ್ಯ ಕಳುಹಿಸುತ್ತಿರುತ್ತದೆ, ಅದಕ್ಕೆ ಒಂದೂವರೆ. ಒಟ್ಟು ಐದೂವರೆ. ಅಳೆದು ಬಂದ ಅಪ್‌ಲೋಡಿನಲ್ಲಿ ಶೇಕಡಾ 80ನ್ನಷ್ಟೇ ನಿಮ್ಮದೆಂದು ತಿಳಿಯಿರಿ. ಅದಕ್ಕಿಂತ ಮೇಲೆ ಹೋದರೆ ಸರತಿ ಕಟ್ಟಲು ಶುರುವಾಗುತ್ತದೆ. ಒಂಬತ್ತೂವರೆಯನ್ನು ಹತ್ತೆಂದು ಹಿಡಿದರೆ ಎಂಟು ನಮ್ಮದು, ಅದರಲ್ಲಿ ಐದೂವರೆ ಕಳೆದರೆ ಎರಡೂವರೆ ಉಳಿಯಿತು. ಮೀಟಿಂಗಿಗೆ ಹತ್ತು ಎಂಬಿಪಿಎಸ್ ಧಾರಾಳ. ಮನೆಯಲ್ಲಿ ದೊಡ್ಡ ಕಡತ ಕಳುಹಿಸುವ ಇನ್ನೊಬ್ಬರು ಇದ್ದಾಗಲೇ ಅದು ಸಾಲದಾಗುವುದು.

ಕಡತದ ಲೆಕ್ಕಕ್ಕೆ ಒಂದೇ ಸೂತ್ರ ಸಾಕು. ಕಡತದ ಗಾತ್ರ ಬೈಟ್‌ಗಳಲ್ಲಿ, ಸಂಪರ್ಕದ ವೇಗ ಬಿಟ್‌ಗಳಲ್ಲಿ, ಎಂಟು ಬಿಟ್‌ಗೆ ಒಂದು ಬೈಟ್.

```
ಸೆಕೆಂಡು = ಜಿಬಿ × 8000 ÷ ಎಂಬಿಪಿಎಸ್
```

ಅಣ್ಣನ ಒಂದು ಮದುವೆಯ ಕಡತಗಳು 18 ಜಿಬಿ. ಹತ್ತು ಎಂಬಿಪಿಎಸ್ ಪೂರ್ತಿ ಸಿಕ್ಕರೂ 14,400 ಸೆಕೆಂಡು, ಅಂದರೆ ನಾಲ್ಕು ತಾಸು. ಹಗಲಿನಲ್ಲಿ ಉಳಿಯುವ ಎರಡೂವರೆಯಲ್ಲಿ ಕಳುಹಿಸಿದರೆ ಹದಿನಾರು ತಾಸು. ಅದೇ ಕಡತವನ್ನು ಸ್ಟುಡಿಯೊದವರು ತಮ್ಮ 100 ಎಂಬಿಪಿಎಸ್‌ನಲ್ಲಿ 24 ನಿಮಿಷಕ್ಕೆ ಇಳಿಸಿಕೊಂಡು, “ನಮ್ಮ ಕಡೆ ಬೇಗ ಬಂತಲ್ಲ, ನೀವು ಏಕೆ ತಡ ಮಾಡಿದಿರಿ” ಎಂದು ಕೇಳುತ್ತಾರೆ. ನಿಜವಾದ ಸಮಯ ಸೂತ್ರಕ್ಕಿಂತ ಸ್ವಲ್ಪ ಹೆಚ್ಚೇ ಆಗುತ್ತದೆ, ಸುಮಾರು ಹತ್ತನೇ ಒಂದು ಭಾಗ ಸೇರಿಸಿಕೊಳ್ಳಿ.

ಕದ್ದು ಕುಡಿಯುವವರು ಯಾರು

ಹೊಸ ಪ್ಲ್ಯಾನ್ ಕೊಳ್ಳುವ ಮೊದಲು ಇರುವುದು ಎಲ್ಲಿ ಸೋರುತ್ತಿದೆ ಎಂದು ನೋಡುವುದು ಒಳ್ಳೆಯದು. ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು Network ಕಾಲಮ್ಮಿನ ಮೇಲೆ ಒತ್ತಿದರೆ ಯಾವ ತಂತ್ರಾಂಶ ಹೆಚ್ಚು ಬಳಸುತ್ತಿದೆ ಎಂಬುದು ಮೇಲೆ ಬರುತ್ತದೆ.

ದೊಡ್ಡ ಕಳ್ಳ ಮೊಬೈಲಿನ ಫೋಟೊ ಬ್ಯಾಕಪ್. ಇಂದಿನ ಫೋನುಗಳು 4ಕೆ ವಿಡಿಯೊ ತೆಗೆಯುವಾಗ ನಿಮಿಷಕ್ಕೆ 170 ಎಂಬಿಯಿಂದ 350 ಎಂಬಿವರೆಗೆ ತುಂಬುತ್ತವೆ. ಲಕ್ಷ್ಮೀ ರಸ್ತೆಯಲ್ಲಿ ವಿಸರ್ಜನೆಯ ಮೆರವಣಿಗೆ ನೋಡಿ, ಢೋಲ್-ತಾಶಾ ಪಥಕದ ವಿಡಿಯೊ ಇಪ್ಪತ್ತು ನಿಮಿಷ ತೆಗೆದುಕೊಂಡು ಬಂದರೆ ಮೂರೂವರೆಯಿಂದ ಏಳು ಜಿಬಿ. ಫೋನು ಮನೆಯ ವೈ-ಫೈ ಹಿಡಿದ ಕ್ಷಣದಿಂದ ಅದು ಮೇಲೇರತೊಡಗುತ್ತದೆ. ಮನೆಯಲ್ಲಿ ಮೂರು ಫೋನು ಇದ್ದರೆ ಮರುದಿನದ ಬೆಳಗಿನ ಮೀಟಿಂಗ್ ಕೆಟ್ಟಿತೆಂದೇ ತಿಳಿಯಿರಿ. ಬ್ಯಾಕಪ್ ನಿಲ್ಲಿಸಬೇಕೆಂದಿಲ್ಲ, ಫೋನನ್ನು ರಾತ್ರಿ ಚಾರ್ಜಿಗೆ ಹಾಕಿದಾಗ ನಡೆಯುವಂತೆ ಹಗಲಿನಲ್ಲಿ ತಡೆದಿಡಿ. ವಿಂಡೋಸ್ ಅಪ್‌ಡೇಟ್ ಕೂಡ ಸದ್ದಿಲ್ಲದೆ ನಿಮ್ಮ ಯಂತ್ರದಿಂದ ಅಪರಿಚಿತರ ಯಂತ್ರಗಳಿಗೆ ತುಣುಕುಗಳನ್ನು ಹಂಚಬಲ್ಲದು. Settings ಒಳಗೆ Delivery Optimization ಎಂದು ಹುಡುಕಿ, ಬೇರೆ ಯಂತ್ರಗಳೊಂದಿಗೆ ಹಂಚುವ ಗುಂಡಿಯನ್ನು ಆರಿಸಿ.

ಕ್ಲೌಡ್ ತಂತ್ರಾಂಶಗಳಿಗೆ ಮಿತಿ ಹಾಕುವಾಗ ಒಂದು ಹೊಂಡವಿದೆ. ಒನ್‌ಡ್ರೈವ್ ಮತ್ತು ಗೂಗಲ್ ಡ್ರೈವ್ ಎರಡರ ಸೆಟ್ಟಿಂಗ್‌ಗಳಲ್ಲೂ ಅಪ್‌ಲೋಡ್ ವೇಗಕ್ಕೆ ಮಿತಿ ಹಾಕಬಹುದು, ಆದರೆ ಅಲ್ಲಿ ಕೇಳುವ ಅಳತೆ KB/s, ಅಂದರೆ ಸೆಕೆಂಡಿಗೆ ಕಿಲೊಬೈಟ್. ಎರಡೂವರೆ ಎಂಬಿಪಿಎಸ್ ಎಂದರೆ ಸುಮಾರು 300. ಕಿಲೊಬಿಟ್ ಎಂದುಕೊಂಡು 2500 ಬರೆದರೆ ಅದು 20 ಎಂಬಿಪಿಎಸ್ ಆಯಿತು. ಹತ್ತರ ದಾರಿಗೆ ಇಪ್ಪತ್ತರ ಮಿತಿ ಹಾಕಿದರೆ ಹಾಕದಂತೆಯೇ.

ಅಣ್ಣನಂತೆ ದಿನವೂ ದೊಡ್ಡ ಕಡತ ಕಳುಹಿಸುವವರಿಗೆ ಬ್ರೌಸರಿನ ಅಪ್‌ಲೋಡ್ ಬೇಡವೆಂದೇ ನನ್ನ ಸಲಹೆ. ಮೂರನೆಯ ತಾಸಿನಲ್ಲಿ ಕರೆಂಟ್ ಹೋದರೆ ಎಷ್ಟೋ ಬಾರಿ ಮೊದಲಿನಿಂದ ಶುರು. ಆರ್‌ಕ್ಲೋನ್ ಎಂಬ ಉಚಿತ ತಂತ್ರಾಂಶಕ್ಕೆ ಹೊತ್ತಿಗೆ ತಕ್ಕ ಮಿತಿ ಹೇಳಬಹುದು. ಮತ್ತೆ ಓಡಿಸಿದಾಗ ಆಗಲೇ ತಲುಪಿದ ಕಡತಗಳನ್ನು ಅದು ಬಿಟ್ಟು ಮುಂದೆ ಹೋಗುತ್ತದೆ.

```
rclone copy D:\wedding gdrive:studio --bwlimit "09:00,300k 21:00,800k" --progress
```

ಇಲ್ಲಿ gdrive ಎಂಬುದು ಮೊದಲೇ rclone config ಓಡಿಸಿ ನೀವು ಇಟ್ಟ ಹೆಸರು. ಬೆಳಗ್ಗೆ ಒಂಬತ್ತರಿಂದ ಸೆಕೆಂಡಿಗೆ 300 ಕಿಲೊಬೈಟ್, ರಾತ್ರಿ ಒಂಬತ್ತರಿಂದ 800, ಅಂದರೆ ಸುಮಾರು ಆರೂವರೆ ಎಂಬಿಪಿಎಸ್. ಕ್ಯಾಮೆರಾದ ಒಂದೂವರೆ ಸೇರಿದರೂ ಶೇಕಡಾ 80ರ ಆಸುಪಾಸಿನಲ್ಲೇ ಇರುತ್ತದೆ. ವೈನಿಗೆ ಅಮೆರಿಕದವರೊಂದಿಗೆ ತಡರಾತ್ರಿಯ ಮೀಟಿಂಗ್ ಇರುವ ದಿನ ಮಾತ್ರ ರಾತ್ರಿಯ ಅಂಕಿಯನ್ನೂ 300kಗೆ ಇಳಿಸಬೇಕು. ರಾತ್ರಿ ಒಂಬತ್ತಕ್ಕೆ ಹಾಕಿದ 18 ಜಿಬಿ ಮೂರು ಗಂಟೆಯ ಹೊತ್ತಿಗೆ ಮುಗಿಯುತ್ತಿತ್ತು. ಕಡತ ಏರುವಾಗ ಪಿಂಗ್ 600ರಿಂದ 30ಕ್ಕೆ ಇಳಿಯಿತು. ಒಂದು ರೂಪಾಯಿ ಹೆಚ್ಚು ಕೊಡದೆ ವೈನಿಯ ದೂರು ಅಲ್ಲಿಗೆ ನಿಂತಿತು, ಅಣ್ಣನ ಕಾಯುವಿಕೆ ಮಾತ್ರ ಉಳಿಯಿತು.

ರೌಟರಿನಲ್ಲೇ ಸರತಿಯನ್ನು ನಿಭಾಯಿಸುವ ಎಸ್‌ಕ್ಯೂಎಂ ಅಥವಾ ಕ್ಯುಒಎಸ್ ಎಂಬ ಆಯ್ಕೆ ಇದ್ದರೆ ಇನ್ನೂ ಒಳ್ಳೆಯದು. ಅಳೆದ ಅಪ್‌ಲೋಡಿನ ಶೇಕಡಾ 85-90ನ್ನು ಅಲ್ಲಿ ನಮೂದಿಸಿದರೆ ಮನೆಯ ಎಲ್ಲ ಸಾಧನಗಳಿಗೂ ಒಂದೇ ಕಡೆ ಶಿಸ್ತು ಬರುತ್ತದೆ. ಕಂಪನಿ ಪುಕ್ಕಟೆ ಕೊಡುವ ಪೆಟ್ಟಿಗೆಗಳಲ್ಲಿ ಇದು ಸಿಗುವುದು ಅಪರೂಪ.

ಚೀಟಿಯಲ್ಲಿ ಏಕೆ ಇರುವುದಿಲ್ಲ

ಕಂಪನಿಗಳು ಅಪ್‌ಲೋಡ್ ಹೇಳದಿರುವುದರಲ್ಲಿ ಸ್ವಲ್ಪ ಚಾಲಾಕಿತನವಿದೆ, ಸ್ವಲ್ಪ ತಂತಿಯ ಇತಿಹಾಸವಿದೆ. ಟೆಲಿಫೋನ್ ತಂತಿಯ ಎಡಿಎಸ್‌ಎಲ್‌ನ ಹೆಸರಿನಲ್ಲೇ ಅಸಮತೆ ಇತ್ತು. ಅದರ ಸುಧಾರಿತ ರೂಪದಲ್ಲಿ ಇಳಿಕೆ 24 ಎಂಬಿಪಿಎಸ್‌ವರೆಗೆ ಹೋದರೂ ಏರಿಕೆ ಒಂದರ ಸುತ್ತಲೇ ಇತ್ತು. ಟಿವಿ ಕೇಬಲ್ಲಿನಲ್ಲಿ ವಾಹಿನಿಗಳು ಮನೆಗೆ ಬರಬೇಕಾಗಿದ್ದರಿಂದ, ಹೊರಗೆ ಕಳುಹಿಸಲು ಕೆಳಗಿನ ತರಂಗಾಂತರಗಳ ಒಂದು ಕಿರುಪಟ್ಟಿ ಮಾತ್ರ ಉಳಿಯಿತು. ಫೈಬರ್ ಬಂದ ಮೇಲೂ ಅಸಮತೆ ಪೂರ್ತಿ ಹೋಗಲಿಲ್ಲ. ಮನೆಗಳಿಗೆ ಹೆಚ್ಚಾಗಿ ಹಾಕುವ ಜಿಪಾನ್ ತಂತ್ರಜ್ಞಾನದಲ್ಲಿ ಒಂದು ಎಳೆ ಸುಮಾರು 2.5 ಗಿಗಾಬಿಟ್ ಇಳಿಸುತ್ತದೆ, 1.25 ಏರಿಸುತ್ತದೆ, ಅದನ್ನು 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಏರಿಸುವಾಗ ಪ್ರತಿ ಮನೆಯೂ ತನ್ನ ಸರದಿಗೆ ಕಾಯಬೇಕು. ಆದರೂ ಆ 1.25 ಗಿಗಾಬಿಟ್‌ನಲ್ಲಿ ಮನೆಗೆ 50 ಕೊಡಲು ತಾಂತ್ರಿಕ ಅಡ್ಡಿಯೇನೂ ಇಲ್ಲ, ಎಲ್ಲರೂ ಒಟ್ಟಿಗೆ ಏರಿಸುವುದಿಲ್ಲವಲ್ಲ. ಆದ್ದರಿಂದ ಫೈಬರಿನಲ್ಲಿ ಹತ್ತಕ್ಕೆ ಕಟ್ಟಿಹಾಕುವುದು ತಂತಿಯ ಮಿತಿಯಲ್ಲ, ವ್ಯಾಪಾರದ ತೀರ್ಮಾನ. ಎರಡೂ ದಿಕ್ಕಿಗೆ ಸಮನಾದ, ಖಾತರಿಯ ವೇಗವನ್ನು ಕಚೇರಿಗಳಿಗೆ ಲೀಸ್ಡ್ ಲೈನ್ ಎಂದು ಹಲವು ಪಟ್ಟು ಬೆಲೆಗೆ ಮಾರುವವರು ಅದನ್ನೇ ಮನೆಯ ಚೀಟಿಯಲ್ಲಿ ದೊಡ್ಡದಾಗಿ ಬರೆಯುವುದಿಲ್ಲ.

5ಜಿ ವಯರ್‌ಲೆಸ್ ಮನೆ ಸಂಪರ್ಕದ ಕಥೆ ಬೇರೆ. ಅಲ್ಲಿ ಬಹುಮಟ್ಟಿಗೆ ಬಳಸುವ 3.3 ಗಿಗಾಹರ್ಟ್ಸ್‌ನ ಪಟ್ಟಿಯಲ್ಲಿ ಇಳಿಕೆ ಮತ್ತು ಏರಿಕೆ ಒಂದೇ ತರಂಗಾಂತರವನ್ನು ಕಾಲ ಹಂಚಿಕೊಂಡು ಬಳಸುತ್ತವೆ, ಕಾಲದ ದೊಡ್ಡ ಪಾಲು ಇಳಿಕೆಗೇ. ಜೊತೆಗೆ ಗೋಪುರದ ಶಕ್ತಿಯೆದುರು ನಿಮ್ಮ ಪೆಟ್ಟಿಗೆಯ ಪ್ರಸಾರ ಶಕ್ತಿ ತೀರಾ ಸಣ್ಣದು. ಡೌನ್‌ಲೋಡ್ ಇನ್ನೂರು ತೋರಿಸುವ ಕಡೆಯೂ ಅಪ್‌ಲೋಡ್ ಇಪ್ಪತ್ತಕ್ಕೆ ಏದುಸಿರು ಬಿಡುವುದು ಇದರಿಂದಲೇ. ಇಲ್ಲಿ ಕೇಬಲ್‌ನವನ ಕೈಯಲ್ಲಿರುವ ಸಂಖ್ಯೆ ಬದಲಿಸಿ ಪ್ರಯೋಜನವಿಲ್ಲ. ಫೈಬರ್ ಸಿಗುವ ಕಟ್ಟಡದಲ್ಲಿದ್ದು, ದೊಡ್ಡ ಕಡತ ಕಳುಹಿಸುವ ಕೆಲಸವಿದ್ದರೆ ಇದನ್ನು ಮುಖ್ಯ ಸಂಪರ್ಕವಾಗಿ ಕೊಳ್ಳಬೇಡಿ.

ಬ್ರಾಡ್‌ಬ್ಯಾಂಡಿನ ಅಧಿಕೃತ ವ್ಯಾಖ್ಯೆಯೂ ಒತ್ತಾಯಿಸುವುದಿಲ್ಲ. 2023ರ ಜನವರಿಯಲ್ಲಿ ಭಾರತದಲ್ಲಿ ಬ್ರಾಡ್‌ಬ್ಯಾಂಡ್ ಎಂಬುದರ ವ್ಯಾಖ್ಯೆಯನ್ನು 512 ಕಿಲೊಬಿಟ್‌ನಿಂದ 2 ಎಂಬಿಪಿಎಸ್‌ಗೆ ಏರಿಸಿದರು. ಅದು ಕನಿಷ್ಠ ಡೌನ್‌ಲೋಡ್ ವೇಗ ಮಾತ್ರ, ಏರಿಕೆಯ ಮಾತೇ ಅದರಲ್ಲಿಲ್ಲ. ಅಮೆರಿಕದಲ್ಲಿ 2024ರಲ್ಲಿ ಮಾನದಂಡವನ್ನು ಇಳಿಕೆ 100, ಏರಿಕೆ 20 ಎಂದು ಎರಡೂ ಹೇಳಿ ನಿಗದಿ ಮಾಡಿದರು, ಅಪ್‌ಲೋಡ್ ವೇಗವನ್ನೂ ನಮೂದಿಸಿದ ಚೀಟಿಯನ್ನು ಮಾರುವಾಗಲೇ ತೋರಿಸಬೇಕೆಂಬ ನಿಯಮವನ್ನೂ ಜಾರಿಗೆ ತಂದರು. ನಮ್ಮಲ್ಲಿ ಕೆಲವು ಫೈಬರ್ ಕಂಪನಿಗಳು ಎರಡೂ ವೇಗ ಸಮ ಎಂದು ತಾವಾಗಿಯೇ ಹೇಳಿಕೊಳ್ಳುತ್ತವೆ. ಹೇಳದಿದ್ದವರ ಬಳಿ ಕೇಳಿಯೇ ತಿಳಿಯಬೇಕು.

ಕೇಳುವುದು ಹೇಗೆ

ಪುಣೆಯ ಕೇಬಲ್‌ನವನ ಹತ್ತಿರ “ಸ್ಪೀಡ್ ಹೇಗಿದೆ” ಎಂದರೆ “ಏಕದಂ ಮಸ್ತ್” ಎಂಬ ಉತ್ತರ ಬರುತ್ತದೆ. ಸಂಖ್ಯೆ ಬರಬೇಕಾದರೆ ಪ್ರಶ್ನೆಯಲ್ಲೇ ದಿಕ್ಕು ಇರಬೇಕು: “ಅಪ್‌ಲೋಡ್ ಕಿತೀ ಮಿಳಣಾರ?” ಎಷ್ಟು ಸಿಗುತ್ತದೆ ಎಂಬ ಈ ಒಂದು ಮರಾಠಿ ಮಾತನ್ನು ವೈನಿ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕೇಳಿದರು. ಫೋನಿನಲ್ಲಿ ಕೇಳಬಾರದು, ಪ್ಲ್ಯಾನ್ ಕಾಗದದಲ್ಲಿ ಇಲ್ಲದ ಮಾತಿಗೆ ನಾಳೆ ದೂರು ಕೊಡಲು ಆಧಾರವಿರುವುದಿಲ್ಲ. ಎರಡನೆಯ ಪ್ರಶ್ನೆ, ತಿಂಗಳ ದತ್ತಾಂಶದ ಮಿತಿಯಲ್ಲಿ ಅಪ್‌ಲೋಡ್ ಕೂಡ ಸೇರುತ್ತದೆಯೇ, ಮಿತಿ ಮುಗಿದ ಮೇಲೆ ಎರಡೂ ದಿಕ್ಕಿನ ವೇಗ ಎಷ್ಟು. ‘ಅನ್‌ಲಿಮಿಟೆಡ್’ ಎಂಬ ಅನೇಕ ಪ್ಲ್ಯಾನುಗಳಿಗೆ ತಿಂಗಳಿಗೆ 3300 ಜಿಬಿಯಂಥ ಮಿತಿ ಇರುತ್ತದೆ. ವಿಡಿಯೊದವರಿಗೆ ಮಾತ್ರ ಅದು ದೂರದ ಅಂಕಿಯಲ್ಲ. ಮೂರನೆಯದು, ಫೈಬರ್ ನಮ್ಮ ಮನೆಯೊಳಗೇ ಬರುತ್ತದೆಯೋ, ಅಥವಾ ಕಟ್ಟಡದ ಡಬ್ಬಿಯವರೆಗೆ ಬಂದು ಅಲ್ಲಿಂದ ಲ್ಯಾನ್ ತಂತಿಯೋ. ಆ ಡಬ್ಬಿಯ ಹಳೆಯ ಸ್ವಿಚ್ಚೇ 100ರ ಕಿಂಡಿಯದಾಗಿದ್ದರೆ ಯಾವ ದೊಡ್ಡ ಪ್ಲ್ಯಾನ್ ಕೊಂಡರೂ ತೊಂಬತ್ತನಾಲ್ಕರ ಮೇಲೆ ಏರದು.

ಆತ ಮೊದಲು “ಅಷ್ಟೇ ಇರುವುದು ತಾಯೀ” ಎಂದ. ಅಳೆದಿಟ್ಟ ಮೂರು ಹೊತ್ತಿನ ಚಿತ್ರಗಳನ್ನು ಕಳುಹಿಸಿ, ಅಪ್‌ಲೋಡ್ ಹೆಚ್ಚಿರುವ ಬೇರೆ ಪ್ಯಾಕೇಜ್ ಇದೆಯೇ ಎಂದು ಕೇಳಿದಾಗ ಇತ್ತು. ತಿಂಗಳಿಗೆ ಸ್ವಲ್ಪ ಹೆಚ್ಚು ಹಣ, ಡೌನ್‌ಲೋಡ್ ಅದೇ 100, ಅಪ್‌ಲೋಡ್ 50. ಯಾರೂ ಮನೆಗೆ ಬರಲಿಲ್ಲ, ತಂತಿ ಮುಟ್ಟಲಿಲ್ಲ. ಸರ್ವರಿನಲ್ಲಿ ಸಂಖ್ಯೆ ಬದಲಾಯಿತು, ರೌಟರನ್ನು ಒಮ್ಮೆ ಆರಿಸಿ ಹಾಕಿದಾಗ ಪರೀಕ್ಷೆಯಲ್ಲಿ 47 ಬಂತು. 18 ಜಿಬಿಗೆ ಈಗ ಒಂದು ತಾಸಿನ ಆಸುಪಾಸು. ಆರ್‌ಕ್ಲೋನ್‌ನ ಮಿತಿಗಳನ್ನೂ ಹಗಲಿಗೆ 3000ಕ್ಕೆ, ರಾತ್ರಿಗೆ 4500ಕ್ಕೆ ಏರಿಸಿಕೊಟ್ಟೆ. ಮಿತಿಯನ್ನು ತೆಗೆದುಹಾಕಲಿಲ್ಲ. ದಾರಿ ಅಗಲವಾದರೂ ಮಿತಿಯಿಲ್ಲದ ಕಡತ ಅದನ್ನು ಪೂರ್ತಿ ತುಂಬಿಯೇ ತುಂಬುತ್ತದೆ.

ಈ ಸಂಖ್ಯೆ ಪ್ಯಾಕೇಜಿನ ಜೊತೆಗೆ ಇರುವುದರಿಂದ, ವಾರ್ಷಿಕ ನವೀಕರಣದಲ್ಲಿ ಯಾವುದೋ ಹಬ್ಬದ ಆಫರಿಗೆ ಬದಲಾದಾಗ ಹಳೆಯ ಹತ್ತಕ್ಕೆ ಮರಳಬಹುದು. ಹಣ ಕಟ್ಟಿದ ದಿನವೇ ತಂತಿ ಹಾಕಿ fast.com ತೆರೆದು Show more info ಒತ್ತಿ ನೋಡಿ. ಕಡಿಮೆ ಬಂದಿದ್ದರೆ, ‘50’ ಎಂದು ಆತ ಬರೆದ ಆ ವಾಟ್ಸ್‌ಆ್ಯಪ್ ಸಂದೇಶಕ್ಕೇ ಉತ್ತರವಾಗಿ ಹೊಸ ಚಿತ್ರವನ್ನು ಕಳುಹಿಸಿ.